ಕಪಾಟಿನ ಕೀಲಿ ಯಾರ ಹತ್ತಿರ ಇರುತ್ತದೆ?

ಹೋದ ವರ್ಷ ಜನವರಿಯಲ್ಲಿ ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕಾಗಿ ನಾನೊಂದು ಅನುದಾನದ ಅರ್ಜಿ ಬರೆದೆ. ಸಿದ್ದಾಪುರ ತಾಲ್ಲೂಕಿನ ಊರು, ಒಂದರಿಂದ ಏಳನೆಯ ತರಗತಿವರೆಗೆ 86 ಮಕ್ಕಳು, ನಾಲ್ಕು ಜನ ಶಿಕ್ಷಕರು. ನಾನು ಅಲ್ಲೇ ಓದಿದವನು. ಕೆಲಸದಿಂದ ನಿವೃತ್ತನಾಗಿ ಊರಿಗೆ ಬಂದ ಮೇಲೆ ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಕರೆದು, 'ನಿಮಗೆ ಲೆಕ್ಕಪತ್ರ ಗೊತ್ತುಂಟಲ್ಲ, ಒಂದು ಅರ್ಜಿ ಬರೆದುಕೊಡಿ' ಅಂದಿದ್ದರು. ಮೂವತ್ತು ವರ್ಷ ಬಿಲ್ಲು, ವೋಚರ್‌ಗಳ ನಡುವೆಯೇ ಕೆಲಸ ಮಾಡಿದವನಿಗೆ ಇದು ಎರಡು ಸಂಜೆಯ ಕೆಲಸ ಅನ್ನಿಸಿತು.

ನಾನು ಕೇಳಿದ್ದು ₹3,40,000. ಪುಸ್ತಕಕ್ಕೆ ಒಂದು ಲಕ್ಷ, ಕಂಪ್ಯೂಟರ್ ಮತ್ತು ಪ್ರೊಜೆಕ್ಟರ್‌ಗೆ 95 ಸಾವಿರ, ಗಾಜಿನ ಬಾಗಿಲಿನ ಬೀಗದ ಕಪಾಟುಗಳಿಗೆ 60 ಸಾವಿರ, ಮೇಜು ಕುರ್ಚಿಗೆ 40, ಉದ್ಘಾಟನೆಗೆ 15, 'ಇತರೆ' ಎಂದು 30. ಸಾರಾಂಶದ ಮೊದಲ ವಾಕ್ಯ ಹೀಗಿತ್ತು: 'ಗ್ರಾಮೀಣ ಮಕ್ಕಳಲ್ಲಿ ವಾಚನಾಭಿರುಚಿ ಬೆಳೆಸಿ ಅವರ ಸರ್ವಾಂಗೀಣ ಅಭಿವೃದ್ಧಿಗೆ ಶ್ರಮಿಸುವುದು ಈ ಯೋಜನೆಯ ಉದ್ದೇಶ.' ಈಗ ಓದಿದರೆ ಗೊತ್ತಾಗುತ್ತದೆ, ಆ ವಾಕ್ಯದಲ್ಲಿ ನಮ್ಮ ಶಾಲೆಯೇ ಇಲ್ಲ. ಊರಿನ ಹೆಸರು ಬದಲಿಸಿದರೆ ಅದನ್ನು ಬೀದರದಿಂದಲೂ ಕಳಿಸಬಹುದಿತ್ತು.

ಫೆಬ್ರವರಿಯಲ್ಲಿ, ಅರ್ಜಿ ಕಳಿಸಿದ್ದ ಸಂಸ್ಥೆಯಿಂದ ಒಬ್ಬರು ಹೆಣ್ಣುಮಗಳು ಫೋನ್ ಮಾಡಿದರು. ಅರ್ಜಿಗಳನ್ನು ಓದಿ ಅಭಿಪ್ರಾಯ ಬರೆಯುವುದು ಅವರ ಕೆಲಸ. 'ಶಾಲೆಯಲ್ಲಿ ಈಗ ಪುಸ್ತಕಗಳೇ ಇಲ್ವಾ ಸರ್?' ಎಂದು ಕೇಳಿದರು. ಇವೆ, ಒಂದು ಕಬ್ಬಿಣದ ಕಪಾಟಿನಲ್ಲಿ ಸುಮಾರು ಮುನ್ನೂರು ಇವೆ ಅಂದೆ. 'ಅದರ ಕೀಲಿ ಯಾರ ಹತ್ತಿರ ಇರುತ್ತೆ?' ಅಂದರು. ನನಗೆ ಗೊತ್ತಿರಲಿಲ್ಲ. 'ತಿಳ್ಕೊಂಡು ಹೇಳಿ ಸರ್, ಆಮೇಲೆ ಮಾತಾಡೋಣ' ಎಂದು ಫೋನ್ ಇಟ್ಟರು.

ಮರುದಿನ ಶಾಲೆಗೆ ಹೋದೆ. ಕೀಲಿ ಮುಖ್ಯ ಶಿಕ್ಷಕಿ ಅಕ್ಕೋರ ಮೇಜಿನ ಡ್ರಾದಲ್ಲಿತ್ತು, ಇನ್ನೂ ಹತ್ತು ಕೀಲಿಗಳ ಗೊಂಚಲಿನಲ್ಲಿ. ಕಪಾಟು ತೆಗೆದರೆ ಬೂಷ್ಟಿನ ವಾಸನೆ. ಕೆಳಗಿನ ಸಾಲಿನ ಪುಸ್ತಕಗಳು ಮಳೆಗಾಲದ ತೇವಕ್ಕೆ ಒಂದಕ್ಕೊಂದು ಅಂಟಿಕೊಂಡಿದ್ದವು. ಹಿಂದಿನ ಗೋಡೆಗೆ ತಾಗಿದ್ದ ಮೂಲೆಯಿಂದ ಒರಲೆ ಹಿಡಿದು ಹತ್ತಿಪ್ಪತ್ತು ಪುಸ್ತಕಗಳನ್ನು ಒಳಗಿಂದಲೇ ತಿಂದುಹಾಕಿತ್ತು. ಪುಸ್ತಕ ಕೊಟ್ಟ ವಹಿಯಲ್ಲಿ ಕೊನೆಯ ನಮೂದು ಮೂರು ವರ್ಷ ಹಿಂದಿನದು.

ಅಕ್ಕೋರು ತಪ್ಪಿಸಿಕೊಳ್ಳುವ ಮಾತಾಡಲಿಲ್ಲ. 'ಇದೆಲ್ಲ ದಾಸ್ತಾನು ವಹಿಯಲ್ಲಿ ಏರಿದ್ದು ಅಣ್ಣಾ. ನಂಗೆ ವರ್ಗ ಆದ್ರೆ ಮುಂದಿನವ್ರಿಗೆ ಒಂದೊಂದೂ ಎಣಿಸಿ ಕೊಡ್ಬೇಕು. ಹತ್ತು ಪುಸ್ತಕ ಕಡಿಮೆ ಬಂದ್ರೆ ನಾನೇ ಉತ್ತರ ಹೇಳ್ಬೇಕು. ಮಕ್ಕಳ ಕೈಗೆ ಕೊಟ್ರೆ ಹರೀತದೆ, ಮಳೇಲಿ ನೆನೀತದೆ, ಕಳೀತದೆ. ಬೀಗ ಹಾಕಿಟ್ರೆ ಲೆಕ್ಕ ಸರಿ ಇರ್ತದೆ.'

ನನ್ನ ಇಡೀ ಅರ್ಜಿ ಬಿದ್ದುಹೋದದ್ದು ಈ ಮಾತಿಗೆ. ನಾನು ಕೇಳಿದ್ದ 60 ಸಾವಿರದ ಕಪಾಟುಗಳೂ ಬೀಗದವೇ. ಒರಲೆ ತಿಂದ ಪುಸ್ತಕದ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ, ಮಗು ಕಳೆದ ಪುಸ್ತಕದ ಬಗ್ಗೆ ಕೇಳುತ್ತಾರೆ. ಹಾಗಿರುವಾಗ ಯಾವ ಶಿಕ್ಷಕಿ ತಾನೇ ಬಾಗಿಲು ತೆರೆದಿಟ್ಟಾರು? ಇನ್ನೂ ಒಂದು ಲಕ್ಷದ ಪುಸ್ತಕ ತಂದಿದ್ದರೆ ಅಕ್ಕೋರ ಭಯ ಒಂದು ಲಕ್ಷದಷ್ಟು ಹೆಚ್ಚಾಗುತ್ತಿತ್ತು, ಅಷ್ಟೆ.

ಎರಡನೆಯ ಅರ್ಜಿಯನ್ನು ಬಜೆಟ್‌ನ ಸಮರ್ಥನೆಯಿಂದಲೇ ಶುರುಮಾಡಿದೆ, ಸಾರಾಂಶ ಕೊನೆಗೆ ಬರೆದೆ. ಇದು ತಲೆಕೆಳಗಾದ ಕ್ರಮ ಅನ್ನಿಸಬಹುದು. ಆದರೆ ಒಂದೊಂದು ಬಾಬ್ತಿನ ಎದುರಿಗೂ ಎಷ್ಟು, ಯಾಕೆ ಅಷ್ಟೇ, ಇದಿಲ್ಲದಿದ್ದರೆ ಏನಾಗುತ್ತದೆ ಎಂದು ಬರೆಯುತ್ತ ಹೋದಾಗಲೇ ಯೋಜನೆ ಏನೆಂಬುದು ನನಗೆ ಸ್ಪಷ್ಟವಾದದ್ದು. 'ಸಮರ್ಥನೆ' ಎಂದರೆ ಕೇಳಿದ ಹಣಕ್ಕೆ ಕಾರಣ ಹೊಂದಿಸುವುದು ಎಂದುಕೊಂಡಿದ್ದೆ. ಬರೆಯುತ್ತಿದ್ದಂತೆ ಕಾರಣ ಸಿಗದ ಬಾಬ್ತುಗಳು ತಾವಾಗಿಯೇ ಉದುರಿದವು. ಪ್ರೊಜೆಕ್ಟರಿನ ಎದುರಿಗೆ ಒಂದು ಸಾಲೂ ಬರೆಯಲಾಗಲಿಲ್ಲ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ಸರಿಯಾಗಿ ಇರುವುದಿಲ್ಲ. 'ಇತರೆ' ಹೋಯಿತು. ಉದ್ಘಾಟನೆ ಹೋಯಿತು.

ಪುಸ್ತಕಗಳ ಲೆಕ್ಕವನ್ನು ಈ ಸಲ ಮಕ್ಕಳ ಹಾಜರಿ ಪುಸ್ತಕ ಇಟ್ಟುಕೊಂಡು ಹಾಕಿದೆ. ನಲಿ-ಕಲಿಯ ಒಂದರಿಂದ ಮೂರರವರೆಗೆ 34 ಮಕ್ಕಳು, ನಾಲ್ಕು-ಐದರಲ್ಲಿ 24, ಆರು-ಏಳರಲ್ಲಿ 28. ಸಣ್ಣ ಮಕ್ಕಳ ಪುಸ್ತಕ ತೆಳು, ಹದಿನಾರು ಇಪ್ಪತ್ತು ಪುಟ, ಸರಾಸರಿ ₹50. ಅವರು ಪಕ್ಕದವರು ಓದುತ್ತಿರುವುದನ್ನೇ ತಾವೂ ಓದಬೇಕು ಅನ್ನುತ್ತಾರೆ. ಹಾಗಾಗಿ 120 ಶೀರ್ಷಿಕೆ, ಪ್ರತಿಯೊಂದಕ್ಕೆ ಎರಡು ಪ್ರತಿ, ಒಟ್ಟು 12 ಸಾವಿರ. ನಡುವಿನವರಿಗೆ 110 ಪುಸ್ತಕ, ₹80ರ ಸರಾಸರಿ. ದೊಡ್ಡವರಿಗೆ 90, ₹130ರಂತೆ. ನಿಘಂಟು, ಭೂಪಟ ಇಂಥ ಹದಿನೈದು ಪುಸ್ತಕಕ್ಕೆ ₹4,500. ಎಲ್ಲ ಸೇರಿ 455 ಪುಸ್ತಕ, ₹37,000. ಮಗುವೊಂದಕ್ಕೆ ಐದಕ್ಕಿಂತ ಸ್ವಲ್ಪ ಹೆಚ್ಚು. ವಾರಕ್ಕೊಂದು ಪುಸ್ತಕ ಮನೆಗೆ ಹೋದರೂ ಕೊಠಡಿಯಲ್ಲಿ ಆರಿಸಿಕೊಳ್ಳಲು ಬೇಕಷ್ಟು ಉಳಿಯುತ್ತದೆ.

ಮೊದಲ ಅರ್ಜಿಯ ಒಂದು ಲಕ್ಷ ಎಲ್ಲಿಂದ ಬಂದಿತ್ತು? ಅದು ದುಂಡಗಿನ ಸಂಖ್ಯೆ ಎಂಬುದು ಬಿಟ್ಟರೆ ಬೇರೆ ಉತ್ತರ ನನ್ನಲ್ಲಿಲ್ಲ. ಜೊತೆಗೆ ಅದರೊಳಗೇ ಜಿಎಸ್‌ಟಿ ಬೇರೆ ಸೇರಿಸಿದ್ದೆ. ಅಚ್ಚಾದ ಪುಸ್ತಕಗಳಿಗೆ ಜಿಎಸ್‌ಟಿ ಇಲ್ಲ, ಕಬ್ಬಿಣದ ರ‍್ಯಾಕಿಗೆ ಶೇ 18 ಇದೆ. ಅರ್ಜಿ ಓದುವವರು ಇಂಥ ಒಂದು ತಪ್ಪು ಕಂಡರೆ ಉಳಿದ ಸಂಖ್ಯೆಗಳನ್ನೂ ಅನುಮಾನದಿಂದಲೇ ನೋಡುತ್ತಾರೆ. ನೋಡಬೇಕಾದ್ದೂ ಹಾಗೆಯೇ.

ಒಂದು ಪ್ರಶ್ನೆಯನ್ನು ಅವರು ಕೇಳುವ ಮೊದಲೇ ಬರೆದು ಉತ್ತರಿಸಿದೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಪುಕ್ಕಟೆ ಸಿಗುತ್ತವೆ, ಮುಕ್ತ ಪರವಾನಗಿ, ಇಳಿಸಿಕೊಂಡು ಮುದ್ರಿಸಲೂಬಹುದು. ಹಾಗಾದರೆ ಯಾಕೆ ಕೊಳ್ಳಬೇಕು? ಯಾಕೆಂದರೆ ನಮ್ಮ ಪೇಟೆಯ ಅಂಗಡಿಯಲ್ಲಿ ಬಣ್ಣದ ಪ್ರಿಂಟಿಗೆ ಪುಟಕ್ಕೆ ಹತ್ತು ರೂಪಾಯಿ. ಹದಿನಾರು ಪುಟದ ಕಥೆಗೆ ₹160. ಅಚ್ಚಾದ ಪುಸ್ತಕವೇ ₹50ಕ್ಕೆ ಬರುತ್ತದೆ. ಆ ಜಾಲತಾಣವನ್ನು ನಾವು ಬೇರೆ ರೀತಿ ಬಳಸಿದೆವು. ಅಕ್ಕೋರು ತಮ್ಮ ಫೋನಿನಲ್ಲಿ ಹತ್ತಾರು ಕಥೆಗಳನ್ನು ಮಕ್ಕಳಿಗೆ ತೋರಿಸಿ, ಅವರಿಗೆ ಹಿಡಿಸಿದವನ್ನು ಗುರುತುಮಾಡಿಕೊಂಡು ಖರೀದಿ ಪಟ್ಟಿಗೆ ಸೇರಿಸಿದರು.

ಇನ್ನೊಂದು ನಿರ್ಧಾರವನ್ನೂ ಬರೆದೆ. ₹37,000ದಲ್ಲಿ ಮೊದಲು ಖರ್ಚು ಮಾಡುವುದು ₹25,000 ಮಾತ್ರ. ಉಳಿದ 12 ಸಾವಿರ ಆರು ತಿಂಗಳ ನಂತರ, ವಹಿ ನೋಡಿಕೊಂಡು. ಯಾವುದು ಹೆಚ್ಚು ಓಡಾಡಿದೆ, ಯಾವುದನ್ನು ಯಾರೂ ಮುಟ್ಟಿಲ್ಲ ಎಂದು ತಿಳಿಯುವ ಮೊದಲೇ ಪೂರ್ತಿ ಹಣ ಮುಗಿಸಿದರೆ, ಅದು ದೊಡ್ಡವರಾದ ನಮ್ಮ ಅಭಿರುಚಿಯ ಗ್ರಂಥಾಲಯವಾಗುತ್ತದೆ. ನೀತಿಕಥೆ, ಮಹಾಪುರುಷರ ಚರಿತ್ರೆ, ಸಾಮಾನ್ಯ ಜ್ಞಾನ ಇವಿಷ್ಟೇ ಸಾಲಾಗಿ ನಿಂತಿರುತ್ತವೆ. ಹಳೆಯ ಕಪಾಟಿನಲ್ಲಿ ಇದ್ದದ್ದೂ ಅವೇ.

ಮುಂದಿನ ಬಾಬ್ತು ಅರ್ಜಿಯಲ್ಲಿ ಅತಿ ಕಷ್ಟದ್ದು. ಬಾಗಿಲು ತೆರೆಯುವವರು ಯಾರು? ನಾಲ್ಕು ಶಿಕ್ಷಕರು ಏಳು ತರಗತಿ ನೋಡಿಕೊಳ್ಳುತ್ತಾರೆ. ಬಿಸಿಯೂಟದ ಲೆಕ್ಕ, ತರಬೇತಿ, ಆನ್‌ಲೈನ್ ಮಾಹಿತಿ ತುಂಬುವುದು ಎಲ್ಲ ಅವರದೇ. ಅವರ ಮೇಲೆ ಇದನ್ನೂ ಹೊರಿಸಿದರೆ ಮೊದಲ ತಿಂಗಳ ಉತ್ಸಾಹ ಮುಗಿದ ಮೇಲೆ ಕೀಲಿ ಮತ್ತೆ ಡ್ರಾಕ್ಕೆ ಹೋಗುತ್ತದೆ. ಊರಲ್ಲಿ ಪಿಯುಸಿ ಓದಿದ ತಾಯಿಯೊಬ್ಬರು ವಾರಕ್ಕೆ ಮೂರು ಮಧ್ಯಾಹ್ನ ಎರಡೆರಡು ತಾಸು ಬರಲು ಒಪ್ಪಿದರು. ತಿಂಗಳಿಗೆ ₹3,000 ಗೌರವಧನ, ಹತ್ತು ತಿಂಗಳಿಗೆ ₹30,000. ತಾಸಿಗೆ ಸುಮಾರು ₹120 ಬೀಳುತ್ತದೆ. ಅನುದಾನ ಕೊಡುವವರಿಗೆ ವಸ್ತುಗಳ ಮೇಲೆ ಇರುವ ಪ್ರೀತಿ ಗೌರವಧನದ ಮೇಲೆ ಇರುವುದಿಲ್ಲ. ವಸ್ತುವಿನ ಮೇಲೆ ಹೆಸರು ಬರೆಸಬಹುದು, ಫೋಟೊ ತೆಗೆಯಬಹುದು. ಆದರೆ ಈ ಒಂದು ಬಾಬ್ತನ್ನು ಕಡಿದರೆ ಉಳಿದದ್ದೆಲ್ಲ ವ್ಯರ್ಥ ಎಂದು ಅದೇ ಮಾತಿನಲ್ಲಿ ಬರೆದೆ. 'ಈ ಬಾಬ್ತಿಗೆ ಒಪ್ಪಿಗೆ ಇಲ್ಲವಾದರೆ ಪುಸ್ತಕಗಳ ಹಣವನ್ನೂ ಕೊಡಬೇಡಿ' ಎಂಬ ಸಾಲನ್ನು ಸೇರಿಸುವಾಗ ಕೈ ಸ್ವಲ್ಪ ಹಿಂಜರಿಯಿತು. ಆದರೂ ತೆಗೆಯಲಿಲ್ಲ.

ಆಮೇಲೆ ಅಕ್ಕೋರ ಭಯಕ್ಕೆ ಒಂದು ಬಾಬ್ತು. ಬಜೆಟ್ಟಿನಲ್ಲಿ ₹3,700 ಮಾತ್ರ, ಆದರೆ ನನ್ನ ಮಟ್ಟಿಗೆ ಇಡೀ ಅರ್ಜಿ ನಿಂತಿರುವುದು ಇದರ ಮೇಲೆ. ಬರೆದದ್ದು ಹೀಗೆ:

'ಕಳೆಯುವ ಮತ್ತು ದುರಸ್ತಿಗೆ ಬಾರದಷ್ಟು ಹರಿಯುವ ಪುಸ್ತಕಗಳಿಗಾಗಿ, ಪುಸ್ತಕಗಳ ಮೊತ್ತದ ಶೇ 10. ಮಕ್ಕಳು ಪುಸ್ತಕವನ್ನು ಮನೆಗೆ ಒಯ್ಯುವುದರಿಂದ ವರ್ಷಕ್ಕೆ ಸುಮಾರು 45 ಪುಸ್ತಕಗಳ ನಷ್ಟವನ್ನು ನಾವು ಮೊದಲೇ ಒಪ್ಪಿಕೊಂಡಿದ್ದೇವೆ. ಈ ಮಿತಿಯೊಳಗಿನ ನಷ್ಟಕ್ಕೆ ಯಾವ ಶಿಕ್ಷಕರೂ ಯಾವ ಮಗುವೂ ಹೊಣೆಯಲ್ಲ ಎಂದು ಎಸ್‌ಡಿಎಂಸಿ ಸಭೆಯಲ್ಲಿ ಠರಾವು ಆಗಿದೆ. ಈ ಪುಸ್ತಕಗಳು ಪ್ರತ್ಯೇಕ ವಹಿಯಲ್ಲಿರುತ್ತವೆ, ವರ್ಷದ ಕೊನೆಗೆ ಸಭೆಯ ಮುಂದೆ ಎಣಿಸಿ ವಜಾ ಮಾಡಲಾಗುತ್ತದೆ. ಠರಾವಿನ ಪ್ರತಿ ಲಗತ್ತಿಸಿದೆ.'

ಠರಾವು ಸುಲಭಕ್ಕೆ ಆಗಲಿಲ್ಲ. ಸಭೆಯಲ್ಲಿ ಹಿರಿಯರೊಬ್ಬರು ಎದ್ದು, 'ಕಳೀಲಿಕ್ಕೆ ಮೊದಲೇ ದುಡ್ಡು ಇಡೋದು ಅಂದ್ರೆ ಮಕ್ಕಳಿಗೆ ಕಳೀರಿ ಅಂತ ಹೇಳ್ದಂಗೆ ಅಲ್ದಾ?' ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಅಕ್ಕೋರು ಉತ್ತರ ಹೇಳಲಿಲ್ಲ, ಒಳಗೆ ಹೋಗಿ ಒರಲೆ ತಿಂದ ಪುಸ್ತಕಗಳ ಕಟ್ಟೊಂದನ್ನು ತಂದು ಮೇಜಿನ ಮೇಲಿಟ್ಟರು. ಅದನ್ನು ಎತ್ತಿದಾಗ ಕೆಳಗೆ ಮಣ್ಣು ಉದುರಿತು. ಸಹಿ ಹಾಕಲು ಆಮೇಲೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಉಳಿದ ಬಾಬ್ತುಗಳೆಲ್ಲ ಮಳೆ ಮತ್ತು ಮಕ್ಕಳ ಎತ್ತರ ಹೇಳಿಕೊಟ್ಟಂಥವು. ಬಾಗಿಲಿಲ್ಲದ ರ‍್ಯಾಕು ನಾಲ್ಕು, ಮೂರೂವರೆ ಅಡಿ ಎತ್ತರ, ಒಂದನೆಯ ತರಗತಿಯ ಮಗುವಿನ ಕೈ ಮೇಲಿನ ಸಾಲಿಗೆ ಎಟುಕುವಷ್ಟು. ಮೂರು ಕಡೆ ದರಪಟ್ಟಿ ತರಿಸಿದ್ದೆವು, ತೆರಿಗೆ ಸೇರಿ ₹19,824. ಗೋಡೆಯಿಂದ ನಾಲ್ಕು ಇಂಚು ದೂರ ನಿಲ್ಲಿಸುವುದು, ಒರಲೆ ಔಷಧಿಗೆ ₹3,500. ಮನೆಗೆ ಒಯ್ಯುವಾಗ ಪುಸ್ತಕ ನೆನೆಯದಂತೆ ಮಗುವಿಗೊಂದು ಜಿಪ್ಪಿನ ಪ್ಲಾಸ್ಟಿಕ್ ಚೀಲ, ₹25ರಂತೆ 86. ನಮ್ಮ ಕೆಲವು ಮಕ್ಕಳು ಗದ್ದೆಯಂಚಿನಲ್ಲಿ, ಹಳ್ಳದ ಸಂಕ ದಾಟಿ ಎರಡು ಕಿಲೋಮೀಟರ್ ನಡೆದು ಬರುತ್ತಾರೆ. ಜುಲೈಯಲ್ಲಿ ಕೊಡೆ ಹಿಡಿದ ಮಗುವಿನ ಬೆನ್ನಿನ ಚೀಲ ಪೂರ್ತಿ ಒದ್ದೆಯಾಗಿರುತ್ತದೆ. ಮೇಜು ಕುರ್ಚಿಯ ಬದಲು ಚಾಪೆ. ಮುಖಪುಟ ಕಾಣುವ ಹಾಗೆ ಪುಸ್ತಕ ಸಿಕ್ಕಿಸಲು ಹಗ್ಗ ಮತ್ತು ಬಟ್ಟೆಯ ಕ್ಲಿಪ್ಪು. ಅಕ್ಷರ ಕೂಡಿಸಿ ಓದುವ ಮಗು ಬೆನ್ನುಪಟ್ಟಿ ನೋಡಿ ಪುಸ್ತಕ ಆರಿಸುವುದಿಲ್ಲ, ಚಿತ್ರ ನೋಡಿ ಆರಿಸುತ್ತದೆ. ವಹಿ, ರಟ್ಟು, ಅಂಟುಪಟ್ಟಿ, ಸಾಗಾಣಿಕೆ, ಚೆನ್ನಾಗಿ ನಡೆಯುತ್ತಿರುವ ಇನ್ನೊಂದು ಶಾಲೆಯ ಗ್ರಂಥಾಲಯ ನೋಡಿ ಬರುವ ಖರ್ಚು, ಎಲ್ಲ ಸೇರಿ ಒಟ್ಟು ₹1,12,669. ದುಂಡಗೆ ಮಾಡಲಿಲ್ಲ.

ಗ್ರಂಥಾಲಯದ ಕೊಠಡಿಯ ಹೆಂಚು ಬದಲಿಸುವುದನ್ನು ಬಜೆಟ್ಟಿನಲ್ಲಿ ಸೇರಿಸದೆ ಊರಿನ ಪಾಲು ಎಂದು ಬೇರೆ ತೋರಿಸಿದೆವು. ಎರಡು ಭಾನುವಾರ ಹನ್ನೊಂದು ಜನ ಬಂದು ಮಾಡಿದ ಕೆಲಸ. ಅದಕ್ಕೆ ದೊಡ್ಡ ಮೊತ್ತ ಕಟ್ಟಿ ಹಿಗ್ಗಿಸುವ ಅಭ್ಯಾಸ ಕೆಲವರಿಗಿದೆ, ನಾವು ಜನ ಮತ್ತು ದಿನ ಇವಿಷ್ಟನ್ನೇ ಬರೆದೆವು.

ಫೋನಿನಲ್ಲಿ ಆ ಹೆಣ್ಣುಮಗಳು ಕೇಳಿದ ಮುಂದಿನ ಎರಡು ಪ್ರಶ್ನೆಗಳು ಇಂಥ ಅರ್ಜಿ ಬರೆಯುವ ಯಾರಿಗೂ ಬರುವಂಥವು. ಒಂದು, ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಗ್ರಂಥಾಲಯಕ್ಕೆಂದೇ ವಾರ್ಷಿಕ ಅನುದಾನ ಇದೆಯಲ್ಲ, ಶಾಲೆಯ ಹಂತ ನೋಡಿ ₹5,000ದಿಂದ ₹20,000ದವರೆಗೆ. ಅದನ್ನು ಬಿಟ್ಟು ನಮ್ಮನ್ನು ಯಾಕೆ ಕೇಳುತ್ತೀರಿ? ಎರಡು, ಪಂಚಾಯಿತಿ ಗ್ರಂಥಾಲಯ ಇದೆಯಲ್ಲ? ಮೊದಲನೆಯದಕ್ಕೆ ನಮ್ಮ ಉತ್ತರ, ಆ ಹಣವನ್ನು ಬಿಟ್ಟಿಲ್ಲ, ಎರಡನೆಯ ವರ್ಷದಿಂದ ಬದಲಿ ಪುಸ್ತಕಕ್ಕೆ ಅದನ್ನೇ ಬಳಸುತ್ತೇವೆ, ಅದಕ್ಕೇ ನಿಮ್ಮನ್ನು ಎರಡನೆಯ ವರ್ಷದ ಪುಸ್ತಕದ ಹಣ ಕೇಳುತ್ತಿಲ್ಲ. ಎರಡನೆಯದು, 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ ಅರಿವು ಕೇಂದ್ರ ಎಂದು ಹೆಸರಾದ ಆ ಗ್ರಂಥಾಲಯ ನಮ್ಮಿಂದ ನಾಲ್ಕು ಕಿಲೋಮೀಟರ್. ಏಳನೆಯವರು ಸೈಕಲ್ಲಿನಲ್ಲಿ ಹೋಗಿಯಾರು, ನಲಿ-ಕಲಿಯವರು ಹೋಗಲಾರರು. ಮೂರು ತಿಂಗಳಿಗೊಮ್ಮೆ ಐವತ್ತು ಪುಸ್ತಕ ಅದಲುಬದಲು ಮಾಡಿಕೊಳ್ಳಲು ಅಲ್ಲಿಯ ಮೇಲ್ವಿಚಾರಕರ ಜೊತೆ ಮಾತಾಡಿ ಅದನ್ನೂ ಅರ್ಜಿಯಲ್ಲಿ ಬರೆದೆವು.

ಹಣ ಯಾರ ಖಾತೆಗೆ ಎಂಬುದೂ ಒಂದು ತೊಡಕು. ಇದು ಸಾಮಾಜಿಕ ಹೊಣೆಗಾರಿಕೆಗೆಂದು ಕಂಪನಿಯೊಂದು ತೆಗೆದಿಟ್ಟ ಸಿಎಸ್‌ಆರ್ ಹಣ. ಕಂಪನಿಯ ಪರವಾಗಿ ಅದನ್ನು ಖರ್ಚು ಮಾಡುವ ಸಂಸ್ಥೆ 2021ರ ಏಪ್ರಿಲ್ 1ರಿಂದ CSR-1 ನಮೂನೆಯಲ್ಲಿ ನೋಂದಾಯಿಸಿಕೊಂಡಿರಬೇಕು. ನಮ್ಮ ಎಸ್‌ಡಿಎಂಸಿಗೆ ಆ ನೋಂದಣಿ ಇಲ್ಲ. ಹಾಗಾಗಿ ನೋಂದಣಿ ಇರುವ ಟ್ರಸ್ಟೊಂದು ಅರ್ಜಿದಾರರಾಗಿ, ಶಾಲೆಗೆ ಪುಸ್ತಕ, ರ‍್ಯಾಕು ವಸ್ತುರೂಪದಲ್ಲಿ ಬಂತು, ಗೌರವಧನ ಟ್ರಸ್ಟಿನ ಖಾತೆಯಿಂದ. ಈ ವಿಷಯ ಮೊದಲೇ ಗೊತ್ತಿದ್ದರೆ ನನ್ನ ಒಂದು ತಿಂಗಳು ಉಳಿಯುತ್ತಿತ್ತು.

ಕೊನೆಗೆ ಸಾರಾಂಶ. ಇಷ್ಟೆಲ್ಲ ಆದ ಮೇಲೆ ಅದು ತಾನಾಗಿಯೇ ಬಂತು:

'ನಮ್ಮ ಶಾಲೆಯಲ್ಲಿ 86 ಮಕ್ಕಳಿದ್ದಾರೆ, ಮುನ್ನೂರು ಪುಸ್ತಕಗಳಿವೆ, ಮೂರು ವರ್ಷದಿಂದ ಒಂದು ಪುಸ್ತಕವೂ ಮಗುವಿನ ಕೈಗೆ ಹೋಗಿಲ್ಲ. ಕಳೆದುಹೋಗುವ ಭಯ ಮತ್ತು ಬಾಗಿಲು ತೆರೆಯಲು ಜನ ಇಲ್ಲದಿರುವುದು ಇದಕ್ಕೆ ಕಾರಣ. ಬೀಗವಿಲ್ಲದ ರ‍್ಯಾಕಿನಲ್ಲಿ 455 ಪುಸ್ತಕಗಳನ್ನಿಟ್ಟು, ವಾರಕ್ಕೆ ಮೂರು ದಿನ ಕೊಠಡಿ ತೆರೆದು, ಹತ್ತು ತಿಂಗಳಲ್ಲಿ ಪ್ರತಿ ವಾರ ಕನಿಷ್ಠ 60 ಮಕ್ಕಳು ಒಂದು ಪುಸ್ತಕವನ್ನು ಮನೆಗೆ ಒಯ್ಯುವಂತೆ ಮಾಡಲು ₹1,12,669 ಕೋರುತ್ತೇವೆ.'

ಯಶಸ್ಸನ್ನು ಅಳೆಯುವ ಜಾಗದಲ್ಲಿ ವಹಿಯ ಜೊತೆಗೆ ಇನ್ನೊಂದನ್ನೂ ಬರೆದೆವು. ವಹಿಯನ್ನು ಒಂದೇ ದಿನ ಒಂದೇ ಪೆನ್ನಿನಲ್ಲಿ ಕೂತು ತುಂಬಿಬಿಡಬಹುದು, ಅಂಥ ವಹಿಗಳನ್ನು ಅರ್ಜಿ ಓದುವವರು ಬೇಕಷ್ಟು ನೋಡಿರುತ್ತಾರೆ. ಪುಸ್ತಕದ ಮೂಲೆಗಳನ್ನು ಹಾಗೆ ಸುಳ್ಳಾಗಿ ಸವೆಸಲು ಆಗುವುದಿಲ್ಲ. ಆರು ತಿಂಗಳ ನಂತರ ಬಂದು ರ‍್ಯಾಕಿನಿಂದ ಯಾವುದಾದರೂ ಇಪ್ಪತ್ತು ಪುಸ್ತಕ ತೆಗೆಯಿರಿ, ಹದಿನೈದಾದರೂ ಬಳಸಿ ಮೆತ್ತಗಾಗಿರದಿದ್ದರೆ ನಾವು ಸೋತಿದ್ದೇವೆ ಎಂದು ತಿಳಿಯಿರಿ ಎಂದು ಬರೆದೆವು.

ಮೇ ತಿಂಗಳಲ್ಲಿ ಮಂಜೂರಾಯಿತು. ಗೌರವಧನವನ್ನು ಕಡಿಯಲಿಲ್ಲ, ಆದರೆ ಎರಡನೆಯ ವರ್ಷ ಅದನ್ನು ಕೊಡುವುದಿಲ್ಲ ಎಂದು ಪತ್ರದಲ್ಲೇ ಸ್ಪಷ್ಟವಾಗಿ ಹೇಳಿದರು. ಜೂನ್‌ನಲ್ಲಿ ಕೊಠಡಿ ತೆರೆಯಿತು. ಮೊದಲ ಮಳೆಗಾಲದಲ್ಲಿ ವಾರಕ್ಕೆ 60 ಎಂಬ ಗುರಿ ಮುಟ್ಟಲಿಲ್ಲ, ಜುಲೈ ಆಗಸ್ಟಿನಲ್ಲಿ ಮಕ್ಕಳ ಹಾಜರಿಯೇ ಕಡಿಮೆ. ಅದನ್ನು ವರದಿಯಲ್ಲಿ ಹಾಗೆಯೇ ಬರೆದೆವು. ಸೆಪ್ಟೆಂಬರ್ ನಂತರ ಎಪ್ಪತ್ತರ ಮೇಲೆ ಹೋಯಿತು. ಡಿಸೆಂಬರಿನ ಎರಡನೆಯ ಖರೀದಿಗೆ ಕೂತಾಗ ಆರು-ಏಳರ ದಪ್ಪ ಪುಸ್ತಕಗಳಲ್ಲಿ ಅರ್ಧದಷ್ಟು ಹೊಸದಾಗಿಯೇ ಇದ್ದವು, ದೊಡ್ಡ ಮಕ್ಕಳು ನಲಿ-ಕಲಿಯ ಚಿತ್ರದ ಪುಸ್ತಕಗಳನ್ನೇ ಒಯ್ಯುತ್ತಿದ್ದರು. ನಮ್ಮ ಮೂರು ವರ್ಗದ ಲೆಕ್ಕ ಅಲ್ಲಿ ತಪ್ಪಿತ್ತು. ಆ 12 ಸಾವಿರ ಉಳಿಸಿಟ್ಟಿದ್ದರಿಂದ ತಿದ್ದಿಕೊಳ್ಳಲು ಸಾಧ್ಯವಾಯಿತು, ಹೆಚ್ಚಿನ ಹಣ ತೆಳು ಪುಸ್ತಕಗಳಿಗೇ ಹೋಯಿತು.

ಮೊನ್ನೆ ಮಾರ್ಚ್ ಕೊನೆಗೆ ಎಸ್‌ಡಿಎಂಸಿ ಸಭೆಯಲ್ಲಿ ಎಣಿಕೆ ನಡೆಯಿತು. ಕಳೆದದ್ದು 17, ಹರಿದು ಹೋದದ್ದು 14. ಒಂದೊಂದರ ಹೆಸರನ್ನೂ ಆ ತಾಯಿಯೇ ಗಟ್ಟಿಯಾಗಿ ಓದಿದರು, ಅಕ್ಕೋರು ವಹಿಯಲ್ಲಿ ಅಡ್ಡಗೆರೆ ಎಳೆಯುತ್ತ ಹೋದರು. ನಡುವೆ ಒಂದು ಹೆಸರು ಕೇಳಿ, ಠರಾವಿನ ದಿನ ಪ್ರಶ್ನೆ ಕೇಳಿದ್ದ ಹಿರಿಯರು ಕೈ ಎತ್ತಿ, 'ಅದು ನಮ್ಮನೆಲಿ ಉಂಟು, ಮೊಮ್ಮಗ ಅಟ್ಟದ ಮೇಲೆ ಇಟ್ಕಂಡಾನೆ' ಅಂದರು. ಕಳೆದದ್ದು 16 ಎಂದು ತಿದ್ದಿದೆವು.

ಗೌರವಧನದ ಮಾತು ಅದೇ ಸಭೆಯಲ್ಲಿ ಬಂತು. ಎಸ್‌ಡಿಎಂಸಿಯಿಂದ ತಿಂಗಳಿಗೆ ₹1,500 ಹೊಂದಿಸುವುದು ಎಂದಾಗಿದೆ. ಇನ್ನರ್ಧಕ್ಕೆ ಪಂಚಾಯಿತಿಗೆ ಕೊಡಬೇಕಾದ ಅರ್ಜಿ ನನ್ನ ಮೇಜಿನ ಮೇಲಿದೆ. ಇದಕ್ಕೂ ಸಮರ್ಥನೆ ಬರೆಯಬೇಕು, ಜೂನ್ ಬರುವುದರೊಳಗೆ.